ಒಳಗಿನ ನಂಬರು, ಹೊರಗಿನ ನಂಬರು

ಐಮಂಗಲ ಹೋಬಳಿಯ ಒಂದು ಹೊಲದ ಪಹಣಿ ನೋಡಬೇಕೆಂದರೆ ಭೂಮಿ ಜಾಲತಾಣದಲ್ಲಿ ಜಿಲ್ಲೆ ಚಿತ್ರದುರ್ಗ, ತಾಲ್ಲೂಕು ಹಿರಿಯೂರು, ಹೋಬಳಿ ಐಮಂಗಲ ಎಂದು ಒಂದೊಂದಾಗಿ ಆರಿಸುತ್ತ ಹೋಗಬೇಕು. ಆಮೇಲೆ ಗ್ರಾಮ, ಸರ್ವೆ ನಂಬರು, ಹಿಸ್ಸಾ. ಯಾರು ಬೇಕಾದರೂ ಯಾರ ಹೊಲದ ವಿವರವನ್ನಾದರೂ ನೋಡಬಹುದು. 45 ಆದಮೇಲೆ 46, 46 ಆದಮೇಲೆ 47 ಎಂದು ಊರಿನ ಹೊಲವನ್ನೆಲ್ಲ ನೋಡಿ ಮುಗಿಸಿದರೂ ಅದು ಕಳ್ಳತನವಲ್ಲ. ಪಹಣಿ ಇರುವುದೇ ನಾಲ್ಕು ಜನ ನೋಡಲಿ ಎಂದು.

ಹಿರಿಯೂರಿನಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬ್ ಇದೆ ಎಂದುಕೊಳ್ಳಿ. ರಿಪೋರ್ಟ್ ರೆಡಿಯಾದಾಗ ರೋಗಿಯ ಮೊಬೈಲಿಗೆ ಒಂದು ಲಿಂಕ್ ಬರುತ್ತದೆ, ಅದರ ಕೊನೆಯಲ್ಲಿ `/report/10482` ಎಂದಿರುತ್ತದೆ. ಆ ಕೊನೆಯ 2 ಅಳಿಸಿ 3 ಒತ್ತಿದರೆ ಮುಂದಿನ ರೋಗಿಯ ಸಕ್ಕರೆ ಕಾಯಿಲೆಯೋ ಬಸಿರೋ ಹೊರಬೀಳುತ್ತದೆ. ಬೆಂಗಳೂರಿನಲ್ಲಾದರೆ ಆ ಹೆಸರು ಯಾರದೋ ಇರಬಹುದು. ಹಿರಿಯೂರಿನಲ್ಲಿ ಅದು ಎದುರು ಮನೆಯವರದೇ ಆಗಿರುವ ಸಂಭವ ಹೆಚ್ಚು.

ಕಾಲೇಜು ಮುಗಿಸಿ ಸುತ್ತಲಿನ ಅಂಗಡಿ, ಆಸ್ಪತ್ರೆ, ಸೊಸೈಟಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ಹುಡುಗ ಹುಡುಗಿಯರು ಈ ಅಂಕಣಕ್ಕೆ ಪದೇ ಪದೇ ಕೇಳುವ ಪ್ರಶ್ನೆ ಇದೇ ಜಾಗದಲ್ಲಿ ಹುಟ್ಟುತ್ತದೆ. ಡೇಟಾಬೇಸಿನ ಪ್ರತಿ ಸಾಲಿಗೂ ಒಂದು ಪ್ರೈಮರಿ ಕೀ ಬೇಕು, ಅಂದರೆ ಆ ಸಾಲನ್ನು ತಪ್ಪದೆ ಗುರುತಿಸುವ ಒಂದು ಗುರುತು. ಅದು 1, 2, 3 ಎಂದು ಏರುವ ಅಂಕಿಯಾಗಿರಬೇಕೋ, ಅಥವಾ `3f2b8c1e-7d40-4a9b-8e65-c10d2f7a9b34` ಎಂಬಂಥ ಯುಯುಐಡಿ ಆಗಿರಬೇಕೋ? ಕೇಳುವವರಲ್ಲಿ ಹೆಚ್ಚಿನವರು ಆಗಲೇ ಒಂದು ಪಕ್ಷ ಹಿಡಿದಿರುತ್ತಾರೆ. ಅಂಕಿಯವರು ವೇಗದ ಮಾತಾಡುತ್ತಾರೆ, ಯುಯುಐಡಿಯವರು ಭದ್ರತೆಯ ಮಾತಾಡುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ.

ಸರ್ವೆ ನಂಬರನ್ನೇ ಕೀ ಮಾಡಿಬಿಟ್ಟರೆ ಏನು ಎಂದು ಕೆಲವರಿಗೆ ಅನ್ನಿಸುತ್ತದೆ. ಚಿತ್ರದುರ್ಗದವರಿಗೆ ಇದರ ಉತ್ತರ ಅನುಭವದಲ್ಲೇ ಇದೆ. ಅಣ್ಣ ತಮ್ಮಂದಿರು ಪಾಲಾಗಿ ಪೋಡಿ ಆದರೆ 45 ಇದ್ದದ್ದು 45/1, 45/2 ಆಗುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗವನ್ನು ಬಿಟ್ಟು ಹೋದವು. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ ಬಂದು, 2018ರಲ್ಲಿ ಬಳ್ಳಾರಿಗೇ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಜಿಲ್ಲೆಯ ಕೋಡ್ ಸೇರಿಸಿ ಕೀ ಮಾಡಿದ್ದರೆ ಹೊಲ ಇದ್ದಲ್ಲೇ ಇದ್ದರೂ ಅದರ ಗುರುತು ಮೂರು ಸಲ ಬದಲಾಗಬೇಕಿತ್ತು. ಆದ್ದರಿಂದಲೇ ಡೇಟಾಬೇಸಿನ ಒಳಗೆ ಯಾವ ಅರ್ಥವೂ ಇಲ್ಲದ, ಎಂದೂ ಬದಲಾಗದ ಒಂದು ಗುರುತು ಬೇಕಾಗುತ್ತದೆ. ಏರುವ ಅಂಕಿ ಮತ್ತು ಯುಯುಐಡಿ ಎರಡೂ ಅಂಥವೇ.

ಏರುವ ಅಂಕಿಯನ್ನು ಡೇಟಾಬೇಸೇ ಒಂದೊಂದಾಗಿ ಹಂಚುತ್ತದೆ. `bigint` ಎಂದು ಹೇಳಿದರೆ ಅದಕ್ಕೆ 8 ಬೈಟ್ ಜಾಗ ಸಾಕು. ಯುಯುಐಡಿಗೆ 16 ಬೈಟ್ ಬೇಕು. ಅದರ ನಾಲ್ಕನೆಯ ಆವೃತ್ತಿಯಲ್ಲಿ, ಅಂದರೆ ಎಲ್ಲರೂ ಸಾಮಾನ್ಯವಾಗಿ ಬಳಸುವ ಬಗೆಯಲ್ಲಿ, 128 ಬಿಟ್‌ಗಳ ಪೈಕಿ 122 ಬಿಟ್ ಅಡ್ಡಾದಿಡ್ಡಿಯಾಗಿ ಬಿದ್ದದ್ದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಕ್ರಮವಿಲ್ಲ. ಊಹಿಸಿ ಹಿಡಿಯಲು ಸಾಧ್ಯವಿಲ್ಲ ಎಂಬ ಗುಣವೂ, ಡೇಟಾಬೇಸಿಗೆ ಆಗುವ ತ್ರಾಸವೂ ಈ ಕ್ರಮವಿಲ್ಲದಿರುವಿಕೆಯಿಂದಲೇ ಬರುತ್ತವೆ.

ಆ ತ್ರಾಸವೇನು? ಪ್ರೈಮರಿ ಕೀಗೆ ಡೇಟಾಬೇಸ್ ಒಂದು ಇಂಡೆಕ್ಸ್ ಇಟ್ಟುಕೊಳ್ಳುತ್ತದೆ. ಕೀಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಪುಟ ಪುಟವಾಗಿ ಇಡುವ ಪಟ್ಟಿ ಅದು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪುಟ 8 ಕೆಬಿ, ಮೈಸೀಕ್ವೆಲ್‌ನ ಇನ್ನೊಡಿಬಿಯಲ್ಲಿ 16 ಕೆಬಿ. ಏರುವ ಅಂಕಿ ಬಂದರೆ ಹೊಸ ಕೀ ಯಾವಾಗಲೂ ಕಡೆಯ ಪುಟಕ್ಕೇ ಹೋಗುತ್ತದೆ, ಕಿರಾಣಿ ಅಂಗಡಿಯವನು ಉದ್ರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯುತ್ತ ಹೋದ ಹಾಗೆ. ಯುಯುಐಡಿ ಬಂದರೆ ಪ್ರತಿ ಸಲವೂ ಬೇರೆ ಪುಟ ತೆಗೆಯಬೇಕು. ಆ ಪುಟ ತುಂಬಿದ್ದರೆ ಅದನ್ನು ಎರಡಾಗಿ ಸೀಳಿ ಅರ್ಧರ್ಧ ಹಂಚಬೇಕು. ಹೀಗೆ ಸೀಳಿ ಸೀಳಿ ಕೊನೆಗೆ ಪುಟಗಳು ಸರಾಸರಿ ನೂರಕ್ಕೆ ಎಪ್ಪತ್ತರಷ್ಟು ಮಾತ್ರ ತುಂಬಿ ನಿಲ್ಲುತ್ತವೆ. ಏರುವ ಅಂಕಿಯಲ್ಲಿ ಪೋಸ್ಟ್‌ಗ್ರೆಸ್ ನೂರಕ್ಕೆ ತೊಂಬತ್ತರಷ್ಟು ತುಂಬಿಸುತ್ತದೆ.

ಒಂದು ಕೋಟಿ ಸಾಲಿನ ಟೇಬಲ್ ಹಿಡಿದು ಲೆಕ್ಕ ಹಾಕೋಣ. ಪೋಸ್ಟ್‌ಗ್ರೆಸ್‌ನಲ್ಲಿ `bigint` ಕೀ ಇಂಡೆಕ್ಸಿನಲ್ಲಿ ಹಿಡಿಯುವ ಜಾಗ, ಅದರ ತಲೆಬರಹ ಎಲ್ಲ ಸೇರಿ, 20 ಬೈಟ್. ಒಂದು ಪುಟಕ್ಕೆ ಸುಮಾರು 366 ಕೀ ಹಿಡಿಯುತ್ತವೆ, ಒಟ್ಟು ಇಂಡೆಕ್ಸ್ 214 ಎಂಬಿ ಆಸುಪಾಸು. ಯುಯುಐಡಿಗೆ 28 ಬೈಟ್, ಪುಟಗಳೂ ಎಪ್ಪತ್ತರಷ್ಟೇ ತುಂಬಿರುವುದರಿಂದ ಪುಟಕ್ಕೆ ಇನ್ನೂರರ ಹತ್ತಿರ, ಒಟ್ಟು 390 ಎಂಬಿಯ ಹತ್ತಿರ. ಹೆಚ್ಚುಕಮ್ಮಿ ದುಪ್ಪಟ್ಟು. ಯುಯುಐಡಿಯನ್ನು `uuid` ಬಗೆಯ ಕಾಲಮ್‌ನಲ್ಲಿ ಇಡದೆ 36 ಅಕ್ಷರದ ಪಠ್ಯವಾಗಿ ಇಟ್ಟವರ ಇಂಡೆಕ್ಸ್ 700 ಎಂಬಿ ದಾಟುತ್ತದೆ. ಹಳೆಯ ಸಾಫ್ಟ್‌ವೇರುಗಳಲ್ಲಿ ಈ ತಪ್ಪು ಬಹಳ ಕಾಣುತ್ತದೆ, ಯುಯುಐಡಿಗೆ ಬಂದ ಕೆಟ್ಟ ಹೆಸರಿನಲ್ಲಿ ಅರ್ಧ ಪಾಲು ಇದರದ್ದೇ.

ನಿಮ್ಮ ಇಂಡೆಕ್ಸ್ ಹೇಗಿದೆ ಎಂದು ನೋಡಲು ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಸಾಲು ಸಾಕು:

```sql
CREATE EXTENSION pgstattuple;
SELECT avg_leaf_density FROM pgstatindex('report_pkey');
```

ಉತ್ತರ 90ರ ಹತ್ತಿರ ಬಂದರೆ ಕೀಗಳು ಕ್ರಮವಾಗಿ ಬರುತ್ತಿವೆ ಎಂದರ್ಥ. 70ರ ಸುತ್ತ ಇದ್ದರೆ ಪುಟಗಳು ಸೀಳುತ್ತಿವೆ.

ಸೇರಿಸುವ ವೇಗದ ಕಥೆ ಇನ್ನೂ ಕುತೂಹಲದ್ದು. ಇಂಡೆಕ್ಸ್ ಪೂರ್ತಿ ಮೆಮೊರಿಯಲ್ಲಿ ಹಿಡಿಸುವವರೆಗೆ ಅಂಕಿಗೂ ಯುಯುಐಡಿಗೂ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೆಮೊರಿಯನ್ನು ಮೀರಿ ಬೆಳೆದ ದಿನ ಕಷ್ಟ ಶುರು, ಏಕೆಂದರೆ ಪ್ರತಿ ಹೊಸ ಸಾಲಿಗೂ ಡಿಸ್ಕಿನಿಂದ ಯಾವುದೋ ಒಂದು ಪುಟ ತರಿಸಬೇಕು. ಇದರ ಜೊತೆ ಜನ ಗಮನಿಸದ ಇನ್ನೊಂದು ಖರ್ಚಿದೆ. ಕರೆಂಟು ಹೋದರೂ ಡೇಟಾ ಉಳಿಯಲಿ ಎಂದು ಪೋಸ್ಟ್‌ಗ್ರೆಸ್ ಒಂದು ಲಾಗ್ ಬರೆಯುತ್ತದೆ. ಐದು ನಿಮಿಷಕ್ಕೊಮ್ಮೆ, ಇದು ಮೊದಲಿನಿಂದ ಬಂದಿರುವ ಸೆಟ್ಟಿಂಗ್, ಅದು ಎಲ್ಲವನ್ನೂ ಡಿಸ್ಕಿಗೆ ಇಳಿಸಿ ಒಂದು ಗೆರೆ ಎಳೆಯುತ್ತದೆ. ಗೆರೆ ಎಳೆದಮೇಲೆ ಯಾವ ಪುಟವನ್ನು ಮೊದಲ ಸಲ ಮುಟ್ಟಿದರೂ ಆ ಪುಟವನ್ನು ಇಡಿಯಾಗಿ ಲಾಗ್‌ಗೆ ನಕಲು ಮಾಡುತ್ತದೆ.

ಒಂದು ಕೋಟಿ ಸಾಲಿನ ಮೇಲೆ ಸಾವಿರ ಹೊಸ ಸಾಲು ಬಂತು ಎನ್ನಿ. ಏರುವ ಅಂಕಿಯಾದರೆ ಅವೆಲ್ಲ ಕೊನೆಯ ಮೂರ್ನಾಲ್ಕು ಪುಟದಲ್ಲಿ ಮುಗಿದುಹೋಗುತ್ತವೆ. ಯುಯುಐಡಿಯಾದರೆ ಐವತ್ತು ಸಾವಿರ ಪುಟಗಳ ನಡುವೆ ಚದುರಿ ಹತ್ತಿರ ಹತ್ತಿರ ಸಾವಿರ ಬೇರೆ ಬೇರೆ ಪುಟ ಮುಟ್ಟುತ್ತವೆ. ಪುಟದ ಖಾಲಿ ಭಾಗವನ್ನು ಬಿಟ್ಟು ನಕಲು ಮಾಡಿದರೂ ಬರೀ ಈ ಇಂಡೆಕ್ಸಿನಿಂದ ಐದಾರು ಎಂಬಿ ಲಾಗ್. ಸೇರಿಸಿದ ಕೀಗಳ ಒಟ್ಟು ತೂಕ ಹದಿನಾರು ಸಾವಿರ ಬೈಟ್! ಬ್ಯಾಕಪ್ ಸರ್ವರಿಗೂ ಹೋಗುವುದು ಇದೇ ಲಾಗ್, ಆದ್ದರಿಂದ ಅಲ್ಲಿಯ ನೆಟ್‌ವರ್ಕಿಗೂ ಹೊರೆ.

ಮೈಸೀಕ್ವೆಲ್ ಬಳಸುವವರಿಗೆ ಹೊಡೆತ ಇನ್ನೂ ಜೋರು. ಇನ್ನೊಡಿಬಿ ಟೇಬಲ್ಲಿನ ಸಾಲುಗಳನ್ನೇ ಪ್ರೈಮರಿ ಕೀಯ ಕ್ರಮದಲ್ಲಿ ಇಡುತ್ತದೆ. ಹಾಗಾಗಿ ಸೀಳುವುದು ಬರೀ ಕೀಗಳ ಪಟ್ಟಿಯಲ್ಲ, ಇಡೀ ಟೇಬಲ್. ಸಾಲದ್ದಕ್ಕೆ ಬೇರೆ ಪ್ರತಿಯೊಂದು ಇಂಡೆಕ್ಸಿನಲ್ಲೂ ಪ್ರೈಮರಿ ಕೀಯ ನಕಲು ಕೂರುತ್ತದೆ. ಹೆಸರಿಗೊಂದು, ಮೊಬೈಲಿಗೊಂದು, ದಿನಾಂಕಕ್ಕೊಂದು ಇಂಡೆಕ್ಸ್ ಇದ್ದರೆ ಮೂರರಲ್ಲೂ ಆ 16 ಬೈಟ್ ಮತ್ತೆ ಮತ್ತೆ ಬರುತ್ತದೆ.

ಇಷ್ಟೆಲ್ಲ ಓದಿದವರು ಹಿರಿಯೂರಿನ ಲ್ಯಾಬಿಗೂ ಯುಯುಐಡಿ ಬೇಡ ಎನ್ನುತ್ತಾರೆ. ಸ್ವಲ್ಪ ತಾಳಿ. ದಿನಕ್ಕೆ 60 ರಿಪೋರ್ಟ್ ಬರೆಯುವ ಲ್ಯಾಬ್ ವರ್ಷಕ್ಕೆ ಸುಮಾರು 22 ಸಾವಿರ, ಐದು ವರ್ಷಕ್ಕೆ 1 ಲಕ್ಷ 10 ಸಾವಿರ ಸಾಲು ಮಾಡುತ್ತದೆ. ಅಷ್ಟಕ್ಕೆ `bigint` ಇಂಡೆಕ್ಸ್ ಎರಡೂವರೆ ಎಂಬಿಯೊಳಗೆ, ಯುಯುಐಡಿ ಇಂಡೆಕ್ಸ್ ನಾಲ್ಕೂವರೆ ಎಂಬಿಯೊಳಗೆ. ಫೋನಿನಲ್ಲಿ ತೆಗೆದ ಒಂದು ಫೋಟೋದ ಗಾತ್ರ ಅದು. ವೇಗದ ಜಗಳ ಕೋಟಿಗಟ್ಟಲೆ ಸಾಲು ಇರುವವರದ್ದು. ಎರಡು ಕೋಟಿಯಷ್ಟು ಪಹಣಿ ಕಂಪ್ಯೂಟರಿಗೆ ಏರಿಸಿದ ಭೂಮಿಯಂಥ ಯೋಜನೆಯವರು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕು. ಲ್ಯಾಬಿನವರಿಗೆ ಅದು ಬೇರೆಯವರ ಮನೆಯ ಜಗಳ, ಅವರ ಸ್ವಂತ ಸಮಸ್ಯೆ ಲಿಂಕಿನ ಕೊನೆಯಲ್ಲಿರುವ ಆ 10482.

ಆ ಅಂಕಿ ಎರಡು ಗುಟ್ಟು ಬಿಟ್ಟುಕೊಡುತ್ತದೆ. ಮೊದಲನೆಯದು ವ್ಯಾಪಾರದ ಗುಟ್ಟು. ಪಕ್ಕದ ಬೀದಿಯ ಲ್ಯಾಬಿನವರು ಈ ಸೋಮವಾರ ಒಬ್ಬರನ್ನು ಕಳಿಸಿ ಪರೀಕ್ಷೆ ಮಾಡಿಸಿದಾಗ 10482 ಬಂತು, ಮುಂದಿನ ಸೋಮವಾರ ಇನ್ನೊಬ್ಬರಿಗೆ 10902 ಬಂತು. ವಾರಕ್ಕೆ 420, ದಿನಕ್ಕೆ 60. ಲೆಕ್ಕ ಪುಸ್ತಕ ಕದಿಯಬೇಕಾಗಿಲ್ಲ. ಇದು ಹಳೆಯ ವಿದ್ಯೆ. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಗಣಿತಜ್ಞರು ಸೆರೆಸಿಕ್ಕ ಜರ್ಮನ್ ಟ್ಯಾಂಕುಗಳ ಮೇಲಿನ ಸರಣಿ ಸಂಖ್ಯೆಗಳನ್ನು ನೋಡಿಯೇ 1942ರ ಆಗಸ್ಟ್ ತಿಂಗಳ ಉತ್ಪಾದನೆ 327 ಎಂದು ಅಂದಾಜು ಮಾಡಿದ್ದರು. ಗೂಢಚಾರರ ಅಂದಾಜು 1,550 ಇತ್ತು. ಯುದ್ಧ ಮುಗಿದಮೇಲೆ ಸಿಕ್ಕ ಜರ್ಮನ್ ದಾಖಲೆಯಲ್ಲಿದ್ದದ್ದು 342.

ಎರಡನೆಯದು ಜನರ ಗುಟ್ಟು, ಅದರ ಅಪಾಯವೇ ದೊಡ್ಡದು. ಅಮೆರಿಕದ ಫಸ್ಟ್ ಅಮೆರಿಕನ್ ಫೈನಾನ್ಷಿಯಲ್ ಎಂಬ ಆಸ್ತಿ ಹಕ್ಕಿನ ವಿಮೆ ಕಂಪನಿಯ ಜಾಲತಾಣದಲ್ಲಿ ಗ್ರಾಹಕರ ಒಂದು ದಾಖಲೆಯ ಲಿಂಕಿನಲ್ಲಿದ್ದ ಅಂಕಿಯನ್ನು ಒಂದು ಹೆಚ್ಚಿಸಿದರೆ ಇನ್ನೊಬ್ಬರ ದಾಖಲೆ ತೆರೆದುಕೊಳ್ಳುತ್ತಿತ್ತು. 2019ರ ಮೇ ತಿಂಗಳಲ್ಲಿ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಇದನ್ನು ಬಯಲಿಗೆಳೆದಾಗ ಸುಮಾರು 88.5 ಕೋಟಿ ಕಡತಗಳು ಹೀಗೆ ಬಾಗಿಲು ತೆರೆದು ಕೂತಿದ್ದವು. ಅವುಗಳಲ್ಲಿ ಬ್ಯಾಂಕ್ ಖಾತೆ ವಿವರ ಇತ್ತು, ತೆರಿಗೆ ದಾಖಲೆ ಇತ್ತು. ಕೆನಡಾದ ನೋವಾ ಸ್ಕೋಷಿಯಾದಲ್ಲಿ 2018ರಲ್ಲಿ 19 ವರ್ಷದ ಹುಡುಗನೊಬ್ಬ ಅಲ್ಲಿಯ ಮಾಹಿತಿ ಹಕ್ಕಿನ ಜಾಲತಾಣದಿಂದ ಹೀಗೇ ಅಂಕಿ ಏರಿಸುತ್ತ ಸುಮಾರು ಏಳು ಸಾವಿರ ಕಡತ ಇಳಿಸಿಕೊಂಡ. ಪೊಲೀಸರು ಅವನ ಮನೆಗೆ ನುಗ್ಗಿದರು, ಕೇಸು ಹಾಕಿದರು, ಆಮೇಲೆ ಕೈಬಿಟ್ಟರು. ಎಲ್ಲರಿಗೂ ಕಾಣಲೆಂದೇ ಇಟ್ಟ ಕಡತ ಎಂದು ಅವನು ತಿಳಿದಿದ್ದ. ಅವುಗಳ ನಡುವೆ ಖಾಸಗಿ ವಿವರ ಇದ್ದವೂ ಸೇರಿಕೊಂಡಿದ್ದವು.

ಹಾಗಾದರೆ ಯುಯುಐಡಿ ಹಾಕಿದರೆ ಮುಗಿಯಿತೇ ಎಂದರೆ, ಇಲ್ಲ. ಯುಯುಐಡಿಯನ್ನು ಊಹಿಸಲಾಗದು, ಆದರೆ ಕದಿಯಬಹುದು. ರೋಗಿ ಆ ಲಿಂಕನ್ನು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುತ್ತಾನೆ, ಸೈಬರ್ ಸೆಂಟರಿನ ಬ್ರೌಸರಿನಲ್ಲಿ ತೆರೆದು ಹಾಗೇ ಬಿಟ್ಟು ಬರುತ್ತಾನೆ. ಯುಯುಐಡಿಯ ನಿಯಮಗಳನ್ನು ಬರೆದ 2005ರ ದಾಖಲೆಯಲ್ಲೇ, ಇವನ್ನು ಊಹಿಸುವುದು ಕಷ್ಟವೆಂದು ನಂಬಿ ಬೀಗದ ಕೈಯಾಗಿ ಬಳಸಬೇಡಿ ಎಂಬ ಎಚ್ಚರಿಕೆ ಇದೆ. ಬಾಗಿಲಲ್ಲಿ ನಿಂತವರು ಯಾರು ಎಂದು ಸರ್ವರ್ ಕೇಳಲೇಬೇಕು, ಲ್ಯಾಬಿನ ಮಟ್ಟಿಗೆ ರೋಗಿಯ ಮೊಬೈಲಿಗೆ ಬರುವ ಓಟಿಪಿ ಸಾಕು. ಕೇಳಿದ ಮೇಲೆ ಯುಯುಐಡಿ ಎರಡನೆಯ ಚಿಲಕವಾಗಿ ಒಳ್ಳೆಯದು. ಕೇಳುವುದನ್ನೇ ಬಿಟ್ಟು ಬರೀ ಚಿಲಕ ನಂಬುವುದು ತಪ್ಪು.

ಈ ಅಂಕಣದ ಮಟ್ಟಿಗೆ ಉತ್ತರ ಹೀಗಿದೆ: ಒಂದೇ ನಂಬರಿಗೆ ಎರಡು ಕೆಲಸ ಹಚ್ಚಬೇಡಿ. ಒಳಗೆ ಟೇಬಲ್‌ಗಳನ್ನು ಪರಸ್ಪರ ಜೋಡಿಸಲು ಏರುವ ಅಂಕಿ ಇರಲಿ, ವೆಬ್ ವಿಳಾಸದಲ್ಲಿ ತೋರಿಸಲು ಬೇರೆ ಯುಯುಐಡಿ ಇರಲಿ.

```sql
CREATE TABLE report (
  id         bigint GENERATED ALWAYS AS IDENTITY PRIMARY KEY,
  public_id  uuid NOT NULL DEFAULT gen_random_uuid() UNIQUE,
  patient_id bigint NOT NULL
);
```

ಜಾಣ ಓದುಗರು ಇಲ್ಲಿ ಒಂದು ತಕರಾರು ತೆಗೆಯುತ್ತಾರೆ. `UNIQUE` ಎಂದ ಕೂಡಲೇ ಯುಯುಐಡಿಗೂ ಇಂಡೆಕ್ಸ್ ಬಂತು, ಅದೂ ಸೀಳುತ್ತದೆ, 214 ಎಂಬಿಯ ಮೇಲೆ 390 ಎಂಬಿ ಸೇರಿತು. ಉಳಿತಾಯ ಎಲ್ಲಿ ಆಯಿತು? ತಕರಾರು ನ್ಯಾಯವಾದದ್ದೇ. ಉಳಿತಾಯ ಇರುವುದು ಈ ಟೇಬಲ್ಲಿನಲ್ಲಲ್ಲ, ಇದನ್ನು ನೆಚ್ಚಿಕೊಂಡ ಟೇಬಲ್‌ಗಳಲ್ಲಿ. ಒಂದು ರಿಪೋರ್ಟಿಗೆ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಸಕ್ಕರೆ ಎಂದು ಹತ್ತು ಫಲಿತಾಂಶದ ಸಾಲು ಇರುತ್ತವೆ, ಪ್ರತಿಯೊಂದರಲ್ಲೂ ರಿಪೋರ್ಟಿನ ಕೀ ಬರೆದಿರಬೇಕು. ಕೋಟಿ ರಿಪೋರ್ಟಿಗೆ ಹತ್ತು ಕೋಟಿ ಸಾಲು. ಸಾಲಿಗೆ 8 ಬೈಟ್ ಹೆಚ್ಚಾದರೂ ಬರೀ ಆ ಕಾಲಮ್ಮಿನಲ್ಲೇ ಸುಮಾರು 800 ಎಂಬಿ. ಆ ಫಲಿತಾಂಶದ ಸಾಲುಗಳು ಎಂದೂ ವೆಬ್ ವಿಳಾಸದಲ್ಲಿ ಕಾಣಿಸಿಕೊಳ್ಳುವುದಿಲ್ಲ, ಆದ್ದರಿಂದ ಅವಕ್ಕೆ ಯುಯುಐಡಿಯ ಅಗತ್ಯವೇ ಇಲ್ಲ. ಹೊರಗೆ ಮುಖ ತೋರಿಸುವ ಟೇಬಲ್‌ಗಳಿಗೆ ಮಾತ್ರ ಆ ಖರ್ಚು ಸಾಕು.

ಏರುವ ಅಂಕಿಗೆ `int` ಬೇಡ, `bigint` ಇರಲಿ. `int` 2,14,74,83,647ಕ್ಕೆ ನಿಲ್ಲುತ್ತದೆ. ಬೇಸ್‌ಕ್ಯಾಂಪ್ ಎಂಬ ಹೆಸರಾಂತ ಸೇವೆಯ ಒಂದು ಟೇಬಲ್ 2018ರ ನವೆಂಬರ್ 8ರಂದು ಆ ಅಂಕಿ ಮುಟ್ಟಿ, ಗಂಟೆಗಟ್ಟಲೆ ಯಾರೂ ಹೊಸದಾಗಿ ಏನೂ ಬರೆಯಲಾಗಲಿಲ್ಲ. `int` ಇಟ್ಟರೆ ಇಂಡೆಕ್ಸ್ ಚಿಕ್ಕದಾಗುತ್ತದೆ ಎಂಬ ಲೆಕ್ಕವೂ ಪೋಸ್ಟ್‌ಗ್ರೆಸ್‌ನಲ್ಲಿ ನಡೆಯದು. ಅಲ್ಲಿ ಇಂಡೆಕ್ಸಿನ ಪ್ರತಿ ನಮೂದನ್ನೂ 8 ಬೈಟಿನ ಗುಣಕಕ್ಕೆ ಹಿಗ್ಗಿಸಲಾಗುತ್ತದೆ, ಎರಡರ ಇಂಡೆಕ್ಸಿನ ಗಾತ್ರವೂ ಒಂದೇ.

ಒಂದು ಸಂದರ್ಭದಲ್ಲಿ ಮಾತ್ರ ಯುಯುಐಡಿಯೇ ಪ್ರೈಮರಿ ಕೀ ಆಗಬೇಕಾಗುತ್ತದೆ. 2020ರ ಮುಂಗಾರಿನಲ್ಲಿ ರಾಜ್ಯದ ರೈತರು ತಮ್ಮ ಬೆಳೆ ಸಮೀಕ್ಷೆಯನ್ನು ಮೊಬೈಲಿನಲ್ಲಿ ತಾವೇ ಮಾಡಲು ಶುರುಮಾಡಿದ್ದು ಎಲ್ಲರಿಗೂ ನೆನಪಿದೆ. ಅಂಥ ಆ್ಯಪ್ ಒಂದನ್ನು ನೀವು ಬರೆಯುತ್ತಿದ್ದೀರಿ ಎನ್ನಿ. ಶೇಂಗಾ ಹೊಲದ ನಡುವೆ ಸಿಗ್ನಲ್ ಇಲ್ಲ, ಮುಂದಿನ ಅಂಕಿ ಯಾವುದು ಎಂದು ಸರ್ವರನ್ನು ಕೇಳುವಂತಿಲ್ಲ. ಸಾವಿರ ಫೋನುಗಳು ಯಾರನ್ನೂ ಕೇಳದೆ ತಾವೇ ಗುರುತು ಕೊಟ್ಟುಕೊಂಡು, ಸಂಜೆ ಊರಿಗೆ ಬಂದಾಗ ಕಳಿಸಿದರೂ ಎರಡು ಗುರುತು ಒಂದೇ ಆಗಕೂಡದು. ಅಂಕಿಯಿಂದ ಇದು ಆಗದ ಕೆಲಸ.

ಅಂಥ ಕಡೆಯೂ ಪುಟ ಸೀಳದ ಹಾಗೆ ಈಗ ಯುಯುಐಡಿಯ ಏಳನೆಯ ಆವೃತ್ತಿ ಬಂದಿದೆ. 2024ರ ಮೇ ತಿಂಗಳಲ್ಲಿ ಹೊರಬಂದ ಆರ್‌ಎಫ್‌ಸಿ 9562 ಅದನ್ನು ವಿಧಿಬದ್ಧ ಮಾಡಿತು, 2025ರ ಪೋಸ್ಟ್‌ಗ್ರೆಸ್ 18ರಲ್ಲಿ `uuidv7()` ಎಂದೇ ಒಂದು ಫಂಕ್ಷನ್ ಬಂತು. ಇದರ ಮೊದಲ 48 ಬಿಟ್‌ಗಳಲ್ಲಿ ಹುಟ್ಟಿದ ಹೊತ್ತನ್ನು ಮಿಲಿಸೆಕೆಂಡಿನ ಮಟ್ಟಿಗೆ ಬರೆದಿರುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ಅಡ್ಡಾದಿಡ್ಡಿ. ಹೊತ್ತು ಏರುತ್ತಲೇ ಹೋಗುವುದರಿಂದ ಹೊಸ ಕೀಗಳು ಇಂಡೆಕ್ಸಿನ ಕೊನೆಗೇ ಬೀಳುತ್ತವೆ, ಪುಟ ಸೀಳುವುದು ಬಹುಮಟ್ಟಿಗೆ ನಿಲ್ಲುತ್ತದೆ. ಕೋಟಿ ಸಾಲಿಗೆ ಇಂಡೆಕ್ಸ್ 300 ಎಂಬಿ ಹತ್ತಿರಕ್ಕೆ ಇಳಿಯುತ್ತದೆ.

ಆದರೆ ಇದನ್ನೇ ವಿಳಾಸದಲ್ಲಿ ಹಾಕಿದರೆ ಹೊತ್ತಿನ ಗುಟ್ಟು ಹೊರಗೆ ಹೋಗುತ್ತದೆ. `01941f29-7c00-7a3e-9c41-5d0e8b27f613` ಎಂಬುದರ ಮೊದಲ ಹನ್ನೆರಡು ಅಕ್ಷರ ಹಿಡಿದು ದಶಮಾಂಶಕ್ಕೆ ತಿರುಗಿಸಿದರೆ 1735689600000 ಬರುತ್ತದೆ, ಅಂದರೆ 2025ರ ಜನವರಿ 1ರ ಬೆಳಗಿನ 5.30, ನಮ್ಮ ಸಮಯ. ಹೊಲದ ಫೋಟೋಕ್ಕೆ ಇದರಿಂದ ತೊಂದರೆಯಿಲ್ಲ. ಯಾರು ಯಾವಾಗ ಲ್ಯಾಬಿಗೆ ಬಂದರು ಎಂಬುದು ಗುಟ್ಟಾಗಿರಬೇಕಾದ ಕಡೆ ವಿಳಾಸಕ್ಕೆ ನಾಲ್ಕನೆಯ ಆವೃತ್ತಿಯೇ ಸರಿ.

ಬಿಲ್ ನಂಬರನ್ನು ಈ ಎರಡರ ಜೊತೆಗೂ ಬೆರೆಸಬೇಡಿ. ಜಿಎಸ್‌ಟಿ ನಿಯಮದ ಪ್ರಕಾರ ಅಂಗಡಿಯ ಬಿಲ್ಲಿಗೆ 16 ಅಕ್ಷರ ಮೀರದ, ಒಂದಾದಮೇಲೊಂದು ಬರುವ ಸರಣಿ ಸಂಖ್ಯೆ ಬೇಕು. ಡೇಟಾಬೇಸ್ ಹಂಚುವ ಅಂಕಿ ಹಾಗಿರುವುದಿಲ್ಲ. ಅರ್ಧಕ್ಕೆ ನಿಂತ ಒಂದು ವಹಿವಾಟು ತೆಗೆದುಕೊಂಡ ಅಂಕಿಯನ್ನು ಅದು ಮತ್ತೆ ಕೊಡುವುದಿಲ್ಲ, 107 ಆದಮೇಲೆ 109 ಬಂದುಬಿಡುತ್ತದೆ. 36 ಅಕ್ಷರದ ಯುಯುಐಡಿಯನ್ನು ಫೋನಿನಲ್ಲಿ ಓದಿ ಹೇಳಿ ಎಂದರೆ ಗಿರಾಕಿ ಫೋನೇ ಇಡುತ್ತಾನೆ. ಕೌಂಟರಿನಲ್ಲಿ ಬಾಯಿಬಿಟ್ಟು ಹೇಳುವ ನಂಬರಿಗೆ ಬೇರೆ ಕಾಲಮ್ ಇರಲಿ.

ಈಗಾಗಲೇ ಅಂಕಿಯ ಲಿಂಕ್ ಕಳಿಸುತ್ತಿರುವವರು ಇವತ್ತೇ ಒಂದು ಪರೀಕ್ಷೆ ಮಾಡಿ. ನಿಮ್ಮದೇ ಸಾಫ್ಟ್‌ವೇರಿನಲ್ಲಿ ಎರಡು ನಕಲಿ ರೋಗಿಗಳನ್ನು ಸೃಷ್ಟಿಸಿ, ಒಬ್ಬರ ಹೆಸರಿನಲ್ಲಿ ಲಾಗಿನ್ ಆಗಿ ಇನ್ನೊಬ್ಬರ ರಿಪೋರ್ಟಿನ ಅಂಕಿ ಒತ್ತಿ ನೋಡಿ. ತೆರೆದುಕೊಂಡರೆ ಯುಯುಐಡಿ ಕಾಲಮ್ ಸೇರಿಸುವ ಕೆಲಸವನ್ನು ಬದಿಗಿಟ್ಟು, ಈ ರಿಪೋರ್ಟ್ ಈ ರೋಗಿಯದೇ ಎಂದು ಸರ್ವರ್ ಕೇಳುವ ಹಾಗೆ ಮೊದಲು ಮಾಡಿ. ಆಮೇಲೆ `public_id` ಸೇರಿಸಿ ಹೊಸ ಲಿಂಕುಗಳನ್ನು ಅದರಲ್ಲಿ ಕಳಿಸಿ, ಹಳೆಯ ಅಂಕಿಯ ಲಿಂಕುಗಳನ್ನು ಮುಚ್ಚಿಬಿಡಿ. ಲಕ್ಷ ಸಾಲಿನ ಟೇಬಲ್ಲಿಗೆ ಆ ಕಾಲಮ್ ಸೇರಿಸಲು ಪೋಸ್ಟ್‌ಗ್ರೆಸ್‌ಗೆ ಹಿಡಿಯುವುದು ಕೆಲವೇ ಸೆಕೆಂಡು. ಕೋಟಿ ಸಾಲಿದ್ದರೆ ಇಡೀ ಟೇಬಲ್ಲನ್ನು ಮತ್ತೆ ಬರೆಯಲು ಅದಕ್ಕೆ ಬಹಳ ಹೊತ್ತು ಬೇಕು, ಮುಗಿಯುವ ತನಕ ಯಾರಿಗೂ ಮುಟ್ಟಗೊಡುವುದಿಲ್ಲ, ಆದ್ದರಿಂದ ಲ್ಯಾಬ್ ಬಾಗಿಲು ಹಾಕಿದ ಮೇಲೆ ಆ ಕೆಲಸಕ್ಕೆ ಕೂತುಕೊಳ್ಳಿ.